ಯಾವ ಊರಿನ ಒಂದು ಗಂಟೆ?

ಬ್ರೆಡ್ ಮಾಡುವ ವಿಧಾನ ಬರೆಯುವವರು ನಡುವೆ ಒಂದು ಸಾಲು ತಪ್ಪದೆ ಹಾಕಿರುತ್ತಾರೆ: 'ಹಿಟ್ಟನ್ನು ಮುಚ್ಚಿ ಒಂದು ಗಂಟೆ ಪ್ರೂಫ್ ಆಗಲು ಬಿಡಿ.' ಆ ಒಂದು ಗಂಟೆ ಸಾಮಾನ್ಯವಾಗಿ 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಅಡುಗೆಮನೆಗೆ ಸೇರಿದ್ದು. ಬೆಂಗಳೂರಿಗೆ ಅದು ಹೆಚ್ಚುಕಡಿಮೆ ಹೊಂದುತ್ತದೆ. ಸಿಂಧನೂರಿನಲ್ಲೋ ಮಸ್ಕಿಯಲ್ಲೋ ಮೇ ತಿಂಗಳ ಮಧ್ಯಾಹ್ನ ಹೊರಗೆ 40 ಡಿಗ್ರಿ ದಾಟಿ, ಅಡುಗೆಮನೆಯ ಒಳಗೇ 38 ಇದ್ದಾಗ ಅದೇ ಗಂಟೆಯನ್ನು ನಂಬಿ ಕೂತರೆ, ಹಿಟ್ಟು ಅರ್ಧ ಗಂಟೆಗೇ ಏರಬೇಕಾದಷ್ಟು ಏರಿ, ಉಳಿದ ಅರ್ಧ ಗಂಟೆಯಲ್ಲಿ ಕುಸಿಯುವ ದಾರಿ ಹಿಡಿದಿರುತ್ತದೆ.

ಈ ಭಾಗದಲ್ಲಿ ಬೆಳೆಯುವುದು ಮುಖ್ಯವಾಗಿ ಭತ್ತ, ಜೋಳ. ಎರಡರಲ್ಲೂ ಬ್ರೆಡ್ಡಿಗೆ ಬೇಕಾದ ಗ್ಲುಟೆನ್ ಇಲ್ಲ. ಗೋಧಿಯ ಪ್ರೋಟೀನಿಗೆ ನೀರು ತಾಕಿ, ಕೈಯಲ್ಲಿ ನಾದಿದಾಗ ಹುಟ್ಟುವ ಎಳೆಎಳೆಯಾದ ಜಾಲವೇ ಗ್ಲುಟೆನ್. ಅದಕ್ಕೇ ಜೋಳದ ರೊಟ್ಟಿಯನ್ನು ತಟ್ಟಬೇಕು, ಎಳೆಯಲು ಹೋದರೆ ಹರಿಯುತ್ತದೆ. ಮನೆಯಲ್ಲಿ ಬ್ರೆಡ್ ಮಾಡಹೊರಟವರು ಮೈದಾವನ್ನೋ ಗೋಧಿ ಹಿಟ್ಟನ್ನೋ ತಂದುಕೊಳ್ಳಲೇಬೇಕು.

ವಿಧಾನಗಳಲ್ಲಿ ಪ್ರೂಫ್ ಎಂಬ ಮಾತು ಎರಡು ಬೇರೆ ಕೆಲಸಗಳಿಗೆ ಬರುತ್ತದೆ. ಒಂದು, ಯೀಸ್ಟ್ ಜೀವಂತ ಇದೆಯೇ ಎಂದು ನೋಡುವುದು. ಉಗುರುಬೆಚ್ಚಗಿನ ನೀರಿಗೆ ಚಿಟಿಕೆ ಸಕ್ಕರೆ, ಯೀಸ್ಟ್ ಹಾಕಿ ಹತ್ತು ನಿಮಿಷ ಬಿಟ್ಟರೆ ಮೇಲೆ ನೊರೆ ಕಟ್ಟಬೇಕು. ಕಟ್ಟದಿದ್ದರೆ ಆ ಪೊಟ್ಟಣ ಸತ್ತಿದೆ, ಅದರೊಂದಿಗೆ ಮೈದಾ ಹಾಳುಮಾಡುವುದು ಬೇಡ. ಬೇಸಿಗೆಯಲ್ಲಿ ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಕಾದ ಪೊಟ್ಟಣಕ್ಕೆ ಈ ಪರೀಕ್ಷೆ ಮಾಡುವುದು ಒಳ್ಳೆಯದು. ಇನ್ನೊಂದು, ನಾದಿದ ಹಿಟ್ಟನ್ನು ಉಬ್ಬಲು ಬಿಡುವುದು. ಇದು ಎರಡು ಸಲ ಆಗುತ್ತದೆ: ಮೊದಲು ಇಡೀ ಮುದ್ದೆಯಾಗಿ, ಆಮೇಲೆ ಬ್ರೆಡ್ಡಿನ ಆಕಾರ ಕೊಟ್ಟು ಟಿನ್ನಿನಲ್ಲಿ ಇಟ್ಟ ಮೇಲೆ. ಬ್ರೆಡ್ ಕೆಡುವುದು ಹೆಚ್ಚಾಗಿ ಈ ಕೊನೆಯ ಹಂತದಲ್ಲಿ.

ಉಬ್ಬುವಾಗ ಒಳಗೆ ನಡೆಯುವುದೇನು? ಹಿಟ್ಟಿನಲ್ಲೇ ಇರುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಯೀಸ್ಟ್ ಆ ಸಕ್ಕರೆಯನ್ನು ತಿಂದು ಕಾರ್ಬನ್ ಡೈಆಕ್ಸೈಡನ್ನೂ ಆಲ್ಕೊಹಾಲನ್ನೂ ಬಿಡುತ್ತದೆ. ಇಷ್ಟು ಬಹಳ ಜನಕ್ಕೆ ಗೊತ್ತು. ಕಡಿಮೆ ಜನಕ್ಕೆ ಗೊತ್ತಿರುವುದು, ಯೀಸ್ಟ್ ಹೊಸ ಗುಳ್ಳೆಗಳನ್ನು ಹುಟ್ಟಿಸುವುದಿಲ್ಲ ಎಂಬುದು. ನಾದುವಾಗ ಹಿಟ್ಟಿನೊಳಗೆ ಗಾಳಿಯ ಸಣ್ಣ ಸಣ್ಣ ಗುಳ್ಳೆಗಳು ಸಿಕ್ಕಿಕೊಂಡಿರುತ್ತವೆ. ಯೀಸ್ಟ್ ಬಿಟ್ಟ ಅನಿಲ ಮೊದಲು ಹಿಟ್ಟಿನ ನೀರಲ್ಲಿ ಕರಗಿ, ಅಲ್ಲಿಂದ ಈ ಗುಳ್ಳೆಗಳಿಗೆ ಸೇರಿ ಅವುಗಳನ್ನು ದೊಡ್ಡದು ಮಾಡುತ್ತದೆ. ಸರಿಯಾಗಿ ನಾದದ ಹಿಟ್ಟನ್ನು ಎಷ್ಟು ಹೊತ್ತು ಇಟ್ಟರೂ ಬ್ರೆಡ್ಡಿನ ಒಳಗು ನವಿರಾಗದಿರಲು ಇದೂ ಒಂದು ಕಾರಣ.

ಹಾಗಾಗಿ ಒಂದೇ ಹೊತ್ತಿನಲ್ಲಿ ಎರಡು ಕೆಲಸ ನಡೆದಿರುತ್ತವೆ. ಯೀಸ್ಟ್ ಅನಿಲ ತುಂಬುತ್ತಿರುತ್ತದೆ, ಗ್ಲುಟೆನ್ನಿನ ಪೊರೆ ಅದನ್ನು ಹಿಡಿದುಕೊಳ್ಳಲು ಹಿಗ್ಗುತ್ತಿರುತ್ತದೆ. ಅನಿಲ ಬೇಕಾದಷ್ಟು ಸೇರಿ, ಪೊರೆಯಲ್ಲಿ ಇನ್ನೂ ಸ್ವಲ್ಪ ಹಿಗ್ಗುವ ಶಕ್ತಿ ಉಳಿದಿರುವ ಗಳಿಗೆಯೇ ಹಿಟ್ಟು ತಯಾರಾದ ಗಳಿಗೆ. ಆ ಸ್ವಲ್ಪ ಶಕ್ತಿ ಉಳಿದಿರಲೇಬೇಕು. ಓವನ್ನಿಗೆ ಹೋದ ಮೊದಲ ಕೆಲವು ನಿಮಿಷಗಳಲ್ಲಿ ಯೀಸ್ಟ್ ಕೊನೆಯ ಸಲ ಜೋರಾಗಿ ದುಡಿಯುತ್ತದೆ, ನೀರಲ್ಲಿ ಕರಗಿದ್ದ ಅನಿಲ ಹೊರಬರುತ್ತದೆ, ಗುಳ್ಳೆಗಳು ಬಿಸಿಗೆ ಹಿಗ್ಗುತ್ತವೆ. ಹಿಟ್ಟಿನ ಒಳಗೆ 55-60 ಡಿಗ್ರಿ ಆಗುವ ಹೊತ್ತಿಗೆ ಯೀಸ್ಟ್ ಸಾಯುತ್ತದೆ. ಮೊದಲೇ ಪೂರ್ತಿ ಹಿಗ್ಗಿದ ಹಿಟ್ಟು ಈ ಕೊನೆಯ ಏರಿಕೆಯನ್ನು ತಾಳುವುದಿಲ್ಲ, ಗುಳ್ಳೆಗಳು ಒಡೆದು ಬ್ರೆಡ್ ಕುಸಿಯುತ್ತದೆ.

ಇನ್ನು ಬಿಸಿಲಿನ ಮಾತು. ಬೇಸಿಗೆಯಲ್ಲಿ ಇಡ್ಲಿ ಹಿಟ್ಟು ಬೆಳಗಾಗುವ ಮೊದಲೇ ಹುಳಿಯಾಗುತ್ತದೆಂದು ರಾತ್ರಿ ತಡವಾಗಿ ರುಬ್ಬುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಇಡ್ಲಿ ಹಿಟ್ಟನ್ನು ಉಬ್ಬಿಸುವುದು ಮುಖ್ಯವಾಗಿ ಬ್ಯಾಕ್ಟೀರಿಯಾ, ಬ್ರೆಡ್ಡಿನದು ಯೀಸ್ಟ್. ಆದರೆ ಶಾಖ ಏರಿದಂತೆ ವೇಗ ಏರುವುದು ಎರಡಕ್ಕೂ ಒಂದೇ. ಹಿಟ್ಟು ಹತ್ತು ಡಿಗ್ರಿ ಹೆಚ್ಚು ಬಿಸಿಯಾದರೆ ಯೀಸ್ಟಿನ ಕೆಲಸ ಸುಮಾರು ದುಪ್ಪಟ್ಟಾಗುತ್ತದೆ. ಹಾಗೆಂದು ಹಿಟ್ಟಿನ ರುಚಿ ಅಷ್ಟೇ ವೇಗದಲ್ಲಿ ಬೆಳೆಯುವುದಿಲ್ಲ, ಗ್ಲುಟೆನ್ನಿಗೂ ಸಡಿಲಗೊಳ್ಳಲು ತನ್ನದೇ ಹೊತ್ತು ಬೇಕು. ಬೇಗ ಉಬ್ಬಿತೆಂದು ಹಿಗ್ಗುವುದರಲ್ಲಿ ಅರ್ಥವಿಲ್ಲ.

ಅಡುಗೆಮನೆಯನ್ನು ತಂಪು ಮಾಡಲಾಗದು, ಹಿಟ್ಟನ್ನು ಮಾಡಬಹುದು. ಬೇಕರಿಯವರಲ್ಲಿ ಇದಕ್ಕೊಂದು ಹಳೆಯ ಲೆಕ್ಕವಿದೆ. ಕಲಸಿದ ಹಿಟ್ಟು 27 ಡಿಗ್ರಿ ಇರಬೇಕೆಂದರೆ ಅದನ್ನು ಮೂರರಿಂದ ಗುಣಿಸಿ: 81. ಅದರಲ್ಲಿ ಕೋಣೆಯ ಶಾಖ, ಮೈದಾದ ಶಾಖ, ನಾದುವಾಗ ಏರುವ ಶಾಖ ಕಳೆಯಿರಿ. ಉಳಿದದ್ದು ನೀರಿನ ಶಾಖ. ಮೇ ಮಧ್ಯಾಹ್ನ ಕೋಣೆ 38, ಡಬ್ಬಿಯಲ್ಲಿರುವ ಮೈದಾ 37, ಕೈಯಲ್ಲಿ ನಾದುವುದಕ್ಕೆ 2 ಎಂದುಕೊಳ್ಳಿ. 81ರಲ್ಲಿ 77 ಹೋದರೆ 4. ಅಂದರೆ ಐಸ್ ನೀರು. ಅದೇ ಲಿಂಗಸುಗೂರಿನಲ್ಲಿ ಡಿಸೆಂಬರಿನ ಒಂದು ಬೆಳಗ್ಗೆ ಕೋಣೆ, ಮೈದಾ ಎರಡೂ 20 ಇದ್ದರೆ ಉಳಿಯುವುದು 39, ಬಿಸಿ ನೀರು ಬೆರೆಸಿಕೊಳ್ಳಬೇಕು. ಲೆಕ್ಕ ಅಂದಾಜಿನದು, ಒಂದೆರಡು ಡಿಗ್ರಿ ಆಚೀಚೆ ಆದರೆ ತೊಂದರೆಯಿಲ್ಲ. ಮೇ ತಿಂಗಳಲ್ಲಿ ನಲ್ಲಿ ನೀರನ್ನು ಮಾತ್ರ ನೇರ ಹಾಕಬೇಡಿ. ಮಾಳಿಗೆ ಮೇಲಿನ ಟ್ಯಾಂಕಿನಲ್ಲಿ ಮಧ್ಯಾಹ್ನದವರೆಗೆ ಕಾದ ನೀರು ಕೋಣೆಗಿಂತಲೂ ಬಿಸಿ ಇರುತ್ತದೆ.

ಅಳತೆ ಹೀಗಿರಲಿ: ಮೈದಾ 500 ಗ್ರಾಂ, ನೀರು 310 ಗ್ರಾಂ, ಉಪ್ಪು 9 ಗ್ರಾಂ, ಸಕ್ಕರೆ 15 ಗ್ರಾಂ, ಎಣ್ಣೆ 15 ಗ್ರಾಂ. ಇನ್‌ಸ್ಟಂಟ್ ಯೀಸ್ಟ್ ಬಹಳ ವಿಧಾನಗಳಲ್ಲಿ 7 ಗ್ರಾಂ ಎಂದಿರುತ್ತದೆ, ಬೇಸಿಗೆಗೆ 3 ಸಾಕು. ಐಸಿನ ತೂಕವನ್ನೂ ನೀರಿನ ತೂಕದಲ್ಲೇ ಸೇರಿಸಿ. ಯೀಸ್ಟನ್ನು ಐಸ್ ನೀರಿಗೆ ನೇರವಾಗಿ ಹಾಕಿದರೆ ಅದರ ಬಲ ಕುಗ್ಗುತ್ತದೆ, ಒಣ ಮೈದಾದಲ್ಲೇ ಮೊದಲು ಬೆರೆಸಿ. ಸ್ವಲ್ಪ ಹಿಟ್ಟನ್ನು ತೆಗೆದುಕೊಂಡು ಎರಡು ಕೈಯಲ್ಲಿ ಎಳೆದರೆ ಹರಿಯದೆ ತೆಳ್ಳನೆ ಪೊರೆಯಾಗುವಷ್ಟು ನಾದಬೇಕು.

ನಮ್ಮ ಕಡೆ ಇನ್ನೊಂದು ಕಾಟ, ಒಣ ಗಾಳಿ. ಫ್ಯಾನಿನ ಕೆಳಗೆ ತೆರೆದಿಟ್ಟರೆ ಹಿಟ್ಟಿನ ಮೇಲೆ ಸ್ವಲ್ಪ ಹೊತ್ತಿನಲ್ಲೇ ಗಟ್ಟಿ ಚಕ್ಕೆ ಕಟ್ಟುತ್ತದೆ. ಆ ಚಕ್ಕೆ ಹಿಟ್ಟನ್ನು ಏರಲು ಬಿಡುವುದಿಲ್ಲ, ಓವನ್ನಿನಲ್ಲಿ ಅಡ್ಡಾದಿಡ್ಡಿ ಸೀಳುತ್ತದೆ. ಮುಚ್ಚಳ ಬಿಗಿಯಾಗಿರುವ ಸ್ಟೀಲ್ ಡಬ್ಬಿಯೇ ಒಳ್ಳೆಯದು. ಆ ಡಬ್ಬಿಯನ್ನು ಅಗಲವಾದ ಪರಾತದಲ್ಲಿ ಎರಡು ಬೆರಳು ನೀರು ಹಾಕಿ ಇಟ್ಟು, ನೀರಲ್ಲಿ ಅಂಚು ಮುಳುಗುವಂತೆ ಒದ್ದೆ ಬಟ್ಟೆ ಸುತ್ತಿದರೆ, ಅದೇ ಒಣ ಗಾಳಿ ನೀರು ಆರಿಸಿ ಡಬ್ಬಿಯನ್ನು ತಂಪಾಗಿಡುತ್ತದೆ. ಮಳೆಗಾಲದ ತೇವದ ಗಾಳಿಯಲ್ಲಿ ಈ ಉಪಾಯ ನಡೆಯುವುದಿಲ್ಲ.

ತಯಾರಾಯಿತೆಂದು ತಿಳಿಯುವುದು ಹೇಗೆ? ಮೊದಲ ಏರಿಕೆಗೆ ಗಾತ್ರ ನೋಡಿ. ಗುಂಡನೆಯ ಬೋಗುಣಿಯಲ್ಲಿ ಇಮ್ಮಡಿ ಆಯಿತೋ ಇಲ್ಲವೋ ಕಣ್ಣಿಗೆ ಗೊತ್ತಾಗದು. ನೆಟ್ಟಗಿನ ಗೋಡೆಯ ಡಬ್ಬಿಯಲ್ಲಿ ಹಿಟ್ಟನ್ನು ಸಮತಟ್ಟಾಗಿ ಒತ್ತಿ, ಅದರ ಮಟ್ಟಕ್ಕೆ ಒಂದು ರಬ್ಬರ್ ಬ್ಯಾಂಡ್, ಅದರ ಎರಡರಷ್ಟು ಎತ್ತರಕ್ಕೆ ಇನ್ನೊಂದು ಹಾಕಿ. ಸ್ಟೀಲಿನಲ್ಲಿ ಒಳಗು ಕಾಣದ್ದರಿಂದ ಮುಚ್ಚಳ ತೆರೆದು ನೋಡಬೇಕು, ಪಾರದರ್ಶಕ ಡಬ್ಬಿ ಇದ್ದರೆ ಇನ್ನೂ ಸುಲಭ. 27 ಡಿಗ್ರಿಯ ಹಿಟ್ಟು ಎರಡನೆಯ ಬ್ಯಾಂಡ್ ಮುಟ್ಟಲು ಬೇಸಿಗೆಯಲ್ಲಿ ಒಂದು ಗಂಟೆ ಆಸುಪಾಸು ಹಿಡಿಯಬಹುದು. ಮೂವತ್ತನೆಯ ನಿಮಿಷದಿಂದಲೇ ನೋಡುತ್ತಿರಿ.

ಟಿನ್ನಿನಲ್ಲಿಟ್ಟ ಮೇಲೆ ಗಾತ್ರದ ಜೊತೆಗೆ ಬೆರಳೂ ಬೇಕು. ತೋರುಬೆರಳಿಗೆ ಮೈದಾ ಸವರಿ, ಹಿಟ್ಟಿನ ಅಂಚಿನ ಕಡೆ ಅರ್ಧ ಇಂಚು ಮೆಲ್ಲಗೆ ಅದುಮಿ ತೆಗೆಯಿರಿ. ಕುಳಿ ತಕ್ಷಣ ಪುಟಿದು ಮುಚ್ಚಿಕೊಂಡರೆ ಒಳಗೆ ಅನಿಲ ಸಾಲದು, ಪೊರೆ ಇನ್ನೂ ಬಿಗಿ, ಹತ್ತು ನಿಮಿಷ ಬಿಡಿ. ನಿಧಾನವಾಗಿ, ಎರಡು ಮೂರು ಸೆಕೆಂಡು ತೆಗೆದುಕೊಂಡು ಮೇಲೆ ಬಂದು, ಪೂರ್ತಿ ಮುಚ್ಚದೆ ಸಣ್ಣ ಗುರುತು ಉಳಿಸಿದರೆ ಓವನ್ನಿಗೆ ಹೊರಟಿತು. ಕುಳಿ ಹಾಗೇ ಉಳಿದರೆ, ಅಥವಾ ಸುತ್ತಲಿನ ಹಿಟ್ಟೇ ಉಸ್ಸೆಂದು ಇಳಿದರೆ ಹೊತ್ತು ಮೀರಿದೆ. 9 ಇಂಚು ಉದ್ದ, 5 ಇಂಚು ಅಗಲದ ಟಿನ್ನಿನಲ್ಲಿ ಮೇಲಿನ ಅಳತೆಯ ಹಿಟ್ಟು ತಯಾರಾದಾಗ ನಡುವಿನ ಉಬ್ಬು ಅಂಚಿಗಿಂತ ಒಂದು ಬೆರಳು ಮೇಲಿರುತ್ತದೆ. ಟಿನ್ನನ್ನು ಅಲುಗಿಸಿದರೆ ಹಿಟ್ಟು ಹಗುರವಾಗಿ ನಡುಗುತ್ತದೆ.

ಬೆರಳಿನ ಪರೀಕ್ಷೆ ಎಲ್ಲ ಕಡೆಯೂ ನಂಬುವಂಥದ್ದಲ್ಲ. ಫ್ರಿಜ್ಜಿನಿಂದ ಈಗಷ್ಟೇ ತೆಗೆದ ಹಿಟ್ಟು ತಂಪಿಗೆ ಗಟ್ಟಿಯಾಗಿರುವುದರಿಂದ ಕುಳಿ ಉಳಿಯುತ್ತದೆ, ಹೊತ್ತು ಮೀರಿದೆ ಎಂದು ಗಾಬರಿಯಾಗಬೇಡಿ. ಬಹಳ ನೀರಾದ ಹಿಟ್ಟಿನಲ್ಲಿ ಬೆರಳು ಹೇಳುವುದು ಅಸ್ಪಷ್ಟ. ಹೊಸಬರು ಗಾತ್ರವನ್ನೇ ಹೆಚ್ಚು ನೆಚ್ಚಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಬೆರಳಿಗೆ ಅಭ್ಯಾಸ ಬೇಕು, ರಬ್ಬರ್ ಬ್ಯಾಂಡಿಗೆ ಬೇಡ.

ಎಲ್ಲಿ ಎಡವಿದೆವೆಂದು ಬೆಂದ ಬ್ರೆಡ್ಡೇ ಹೇಳುತ್ತದೆ. ಬೇಗ ಓವನ್ನಿಗೆ ಹಾಕಿದ್ದರೆ ಪಕ್ಕದಲ್ಲಿ ಒರಟಾಗಿ ಸೀಳಿ, ತಳದಲ್ಲಿ ಅಂಟಂಟಾದ ದಟ್ಟ ಪಟ್ಟಿ ಉಳಿಯುತ್ತದೆ. ತಡವಾಗಿದ್ದರೆ ಮೇಲ್ಭಾಗ ಚಪ್ಪಟೆ, ಸುಕ್ಕು, ಒಳಗು ಪುಡಿಪುಡಿ, ವಾಸನೆ ಹೆಂಡದಂತೆ. ಬಣ್ಣವೂ ಬಿಳಿಚಾಗಿರುತ್ತದೆ. ಹೊರಪದರ ಕೆಂಪಾಗಲು ಬೇಕಾದ ಸಕ್ಕರೆಯನ್ನು ಯೀಸ್ಟೇ ತಿಂದು ಮುಗಿಸಿರುವುದರಿಂದ ಹೀಗಾಗುತ್ತದೆ. ಇಂಥ ಬ್ರೆಡ್ಡಿಗೆ ಓವನ್ನಿನ ಶಾಖ ಹೆಚ್ಚಿಸಿ ಪ್ರಯೋಜನವಿಲ್ಲ.

ಬೇಯಿಸುವ ಮೊದಲೇ ಹೊತ್ತು ಮೀರಿದ್ದು ಗೊತ್ತಾದರೆ ಒಂದು ಸಲಕ್ಕೆ ಬಚಾವಾಗಬಹುದು. ಹಿಟ್ಟನ್ನು ಒತ್ತಿ ಗಾಳಿ ತೆಗೆದು, ಪಾವಿನಂತೆ ಸಣ್ಣ ಉಂಡೆ ಮಾಡಿ ಮತ್ತೆ ಏರಲು ಬಿಡಿ. ಈ ಸಲ ಇನ್ನೂ ಬೇಗ ಏರುತ್ತದೆ. ಓವನ್ ಕಾಯಿಸುವ ಮೊದಲೇ ಕರೆಂಟ್ ಹೋದರೆ ಟಿನ್ನನ್ನು ಫ್ರಿಜ್ಜಿಗೆ ತಳ್ಳಿ. ಕರೆಂಟಿಲ್ಲದ ಫ್ರಿಜ್ ಕೂಡ ಬಾಗಿಲು ತೆರೆಯದಿದ್ದರೆ ಕೆಲ ಹೊತ್ತು ತಂಪಾಗಿರುತ್ತದೆ. ಆದರೆ ಮುದ್ದೆಯ ನಡುವಿನವರೆಗೆ ತಂಪು ಇಳಿಯಲು ಗಂಟೆಗೂ ಹೆಚ್ಚು ಬೇಕು, ಅಲ್ಲಿಯವರೆಗೆ ಹಿಟ್ಟು ಏರುತ್ತಲೇ ಇರುತ್ತದೆ. ಪೂರ್ತಿ ತಯಾರಾಗುವ ಮೊದಲೇ ಇಟ್ಟರೆ ಮಾತ್ರ ಫ್ರಿಜ್ ಉಪಯೋಗಕ್ಕೆ ಬರುತ್ತದೆ.

ಸಣ್ಣ ಒಟಿಜಿ ಕಾಯಲೂ ಹತ್ತು ಹದಿನೈದು ನಿಮಿಷ ಬೇಕು. ಬೇಸಿಗೆಯಲ್ಲಿ ಹಿಟ್ಟು ಅಷ್ಟು ಹೊತ್ತು ಕಾಯುವುದಿಲ್ಲ. ಹಿಟ್ಟು ಟಿನ್ನಿನ ಅಂಚು ಮುಟ್ಟುವ ಮೊದಲೇ ಓವನ್ ಹಚ್ಚಿಡಿ.