ಗಡಿಯಾರ ತಿರುಗಿಸಲು ರಾತ್ರಿ ಎರಡು ಗಂಟೆಯೇ ಏಕೆ?

ಅಮೆರಿಕದಲ್ಲಿ ಪ್ರತಿ ವರ್ಷ ಮಾರ್ಚ್ ತಿಂಗಳ ಎರಡನೇ ಭಾನುವಾರ ರಾತ್ರಿ 1 ಗಂಟೆ 59 ನಿಮಿಷದ ನಂತರ 2 ಗಂಟೆ ಬರುವುದಿಲ್ಲ, ನೇರವಾಗಿ 3 ಗಂಟೆ ಆಗುತ್ತದೆ. ನವೆಂಬರ್ ತಿಂಗಳ ಮೊದಲ ಭಾನುವಾರ ಇದರ ತಿರುವುಮುರುವು. 1 ಗಂಟೆ 59 ನಿಮಿಷ ಮುಗಿದೊಡನೆ ಗಡಿಯಾರ ಮತ್ತೆ 1 ಗಂಟೆಗೆ ಮರಳುತ್ತದೆ. ಬೇಸಿಗೆಯ ದೀರ್ಘ ಹಗಲನ್ನು ಸಂಜೆಯ ಬಳಕೆಗೆ ಒದಗಿಸುವ ಈ ಪದ್ಧತಿಯ ಹೆಸರು ಡೇಲೈಟ್ ಸೇವಿಂಗ್ ಟೈಮ್. ಅಲ್ಲಿ ಮಗನೋ ಮಗಳೋ ಇರುವ ನಮ್ಮ ಮನೆಗಳಿಗೂ ಇದು ಪರಿಚಿತ. ಆದರೆ ಇಡೀ ದೇಶದ ಗಡಿಯಾರ ತಿರುಗಿಸಲು ರಾತ್ರಿ ಎರಡು ಗಂಟೆಯನ್ನೇ ಏಕೆ ಆರಿಸಿಕೊಂಡರು? ತಾರೀಖು ಬದಲಾಗುವ ನಡುರಾತ್ರಿಯಲ್ಲೇ ಈ ಕೆಲಸ ಮುಗಿಸಬಹುದಿತ್ತು. ಎಲ್ಲರೂ ಎಚ್ಚರವಾಗಿರುವ ಮಧ್ಯಾಹ್ನ ಮಾಡಿದ್ದರೆ ಯಾರೂ ಮರೆಯುತ್ತಲೂ ಇರಲಿಲ್ಲ.

'ಆ ಹೊತ್ತಿನಲ್ಲಿ ಎಲ್ಲರೂ ಮಲಗಿರುತ್ತಾರೆ' ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ಅದು ಸರಿ, ಆದರೆ ಅರ್ಧ ಮಾತ್ರ ಸರಿ. ಇನ್ನರ್ಧ ಉತ್ತರ ಇರುವುದು ತಾರೀಖಿನಲ್ಲಿ.

ಮೊದಲು ಮಧ್ಯಾಹ್ನದ ವಿಚಾರ ನೋಡೋಣ, ಏಕೆಂದರೆ ಅದನ್ನೂ ಒಮ್ಮೆ ಮಾಡಿ ನೋಡಿದ್ದಾರೆ. 1883ರವರೆಗೆ ಅಮೆರಿಕದ ಪ್ರತಿ ಊರಿಗೂ ತನ್ನದೇ ಸಮಯವಿತ್ತು. ಸೂರ್ಯ ನೆತ್ತಿಗೆ ಬಂದಾಗ ಆ ಊರಿಗೆ ಹನ್ನೆರಡು ಗಂಟೆ. ಇಷ್ಟೊಂದು ಸಮಯಗಳ ನಡುವೆ ರೈಲು ಓಡಿಸುವುದು ಕಷ್ಟವಾಗಿ, ರೈಲು ಕಂಪನಿಗಳು ದೇಶವನ್ನು ಕೆಲವೇ ಕಾಲವಲಯಗಳಾಗಿ ಹಂಚಿದವು. ಹೊಸ ಸಮಯಕ್ಕೆ ಹೊರಳಲು ಅವು ಆರಿಸಿಕೊಂಡದ್ದು 1883ರ ನವೆಂಬರ್ 18, ಭಾನುವಾರದ ನಡುಮಧ್ಯಾಹ್ನ. ನ್ಯೂಯಾರ್ಕಿನ ಗಡಿಯಾರಗಳು ಅಂದು ಸುಮಾರು ನಾಲ್ಕು ನಿಮಿಷ ಹಿಂದೆ ಸರಿದವು. ಹಳೆಯ ಲೆಕ್ಕದ ಹನ್ನೆರಡು ಒಮ್ಮೆ, ಹೊಸ ಲೆಕ್ಕದ ಹನ್ನೆರಡು ಇನ್ನೊಮ್ಮೆ ಬಂದದ್ದರಿಂದ ಆ ದಿನಕ್ಕೆ 'ಎರಡು ಮಧ್ಯಾಹ್ನಗಳ ದಿನ' ಎಂಬ ಹೆಸರೇ ಬಂತು. ಖಗೋಳ ವೀಕ್ಷಣಾಲಯದಿಂದ ತಂತಿಯ ಮೂಲಕ ಸಮಯದ ಸಂಕೇತ ಬರುತ್ತಿದ್ದದ್ದು ಮಧ್ಯಾಹ್ನವೇ. ಹಾಗಾಗಿ ಗಡಿಯಾರ ಸರಿಪಡಿಸಲು ಅದು ಸಹಜವಾದ ಹೊತ್ತಾಗಿತ್ತು.

ಅಂದು ಸರಿದದ್ದು ಕೆಲವೇ ನಿಮಿಷ. ಡೇಲೈಟ್ ಸೇವಿಂಗ್‌ನಲ್ಲಿ ಸರಿಯುವುದು ಪೂರ್ತಿ ಒಂದು ಗಂಟೆ. ಮಧ್ಯಾಹ್ನ 12 ಗಂಟೆ ಇದ್ದಕ್ಕಿದ್ದಂತೆ 1 ಗಂಟೆಯಾದರೆ ಹನ್ನೆರಡೂವರೆಯ ರೈಲು ಯಾವಾಗ ಹೊರಡಬೇಕು? ಆಸ್ಪತ್ರೆಯಲ್ಲಿ ಹನ್ನೆರಡೂಕಾಲಕ್ಕೆ ವೈದ್ಯರನ್ನು ಕಾಣಬೇಕಿದ್ದವರು ಏನು ಮಾಡಬೇಕು? ಹಗಲಿನ ಆ ಒಂದು ಗಂಟೆಯಲ್ಲಿ ಇಂಥ ಸಾವಿರಾರು ಹೊತ್ತುಗಳು ನಿಗದಿಯಾಗಿರುತ್ತವೆ. ಅಷ್ಟಕ್ಕೂ ಬೇರೆ ಬೇರೆ ಏರ್ಪಾಡು ಮಾಡಬೇಕಾಗುತ್ತದೆ. ರಾತ್ರಿ 2ರಿಂದ 3ರ ನಡುವೆ ನಿಗದಿಯಾದ ಕೆಲಸಗಳು ತೀರಾ ಕಡಿಮೆ. ವಾರದ ರಜೆಯ ದಿನವನ್ನು ಆರಿಸುವುದಕ್ಕೂ ಇದೇ ಕಾರಣ. ಅಮೆರಿಕ, ಯುರೋಪಿನಲ್ಲಿ ಅದು ಭಾನುವಾರ, ವಾರದ ರಜೆ ಶುಕ್ರವಾರ ಇರುವ ಈಜಿಪ್ಟಿನಲ್ಲಿ ಬೇಸಿಗೆ ಸಮಯ ಶುರುವಾಗುವುದು ಶುಕ್ರವಾರ.

ಇನ್ನು ನಡುರಾತ್ರಿ. ನಮ್ಮ ಪಂಚಾಂಗದ ಲೆಕ್ಕದಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ. ಕಾನೂನು, ಬ್ಯಾಂಕು, ಕಂಪ್ಯೂಟರುಗಳ ಲೆಕ್ಕದಲ್ಲಿ ಅದು ಬದಲಾಗುವುದು ನಡುರಾತ್ರಿ. ಬಡ್ಡಿ, ವಿಮೆ, ವಯಸ್ಸು, ಪ್ರಯಾಣದ ಟಿಕೆಟ್ ಎಲ್ಲವೂ ಆ ಗೆರೆಯ ಆಚೆ ಈಚೆ ನಿಂತಿರುತ್ತವೆ. ಗಡಿಯಾರವನ್ನು ಆ ಗೆರೆಯ ಮೇಲೇ ಅಲುಗಾಡಿಸಿದರೆ ಸಮಯದ ಜೊತೆಗೆ ತಾರೀಖೂ ಅಲುಗಾಡುತ್ತದೆ.

ಇದಕ್ಕೆ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಒಳ್ಳೆಯ ನಿದರ್ಶನ. 1987ರಿಂದ 2011ರವರೆಗೆ ಅಲ್ಲಿ ಗಡಿಯಾರ ಬದಲಾಗುತ್ತಿದ್ದದ್ದು ನಡುರಾತ್ರಿ 12 ಗಂಟೆ 1 ನಿಮಿಷಕ್ಕೆ. ಚಳಿಗಾಲಕ್ಕೆ ಮುನ್ನ ಗಂಟೆ ಹಿಂದಕ್ಕೆ ಹೋಗುವ ದಿನ ಏನಾಗುತ್ತಿತ್ತು ನೋಡಿ. ಶನಿವಾರ ಮುಗಿದು ಭಾನುವಾರ ಹುಟ್ಟಿ ಒಂದು ನಿಮಿಷವಾಗುತ್ತಿದ್ದಂತೆ ಗಡಿಯಾರ ರಾತ್ರಿ 11 ಗಂಟೆ 1 ನಿಮಿಷಕ್ಕೆ ಮರಳಿ ಮತ್ತೆ ಶನಿವಾರವೇ ಬರುತ್ತಿತ್ತು. ಐವತ್ತೊಂಬತ್ತು ನಿಮಿಷದ ನಂತರ ಭಾನುವಾರ ಎರಡನೇ ಸಲ ಹುಟ್ಟುತ್ತಿತ್ತು. ಆ ಮೊದಲ ಒಂದು ನಿಮಿಷದಲ್ಲಿ ಮಗು ಹುಟ್ಟಿದರೆ ಅದರ ಜನ್ಮದಿನ ಭಾನುವಾರ. ಅರ್ಧ ಗಂಟೆ ಬಿಟ್ಟು ಹುಟ್ಟಿದ ಮಗುವಿನ ಜನ್ಮದಿನ ಮಾತ್ರ ಅದರ ಹಿಂದಿನ ಶನಿವಾರ. 2011ರ ನವೆಂಬರ್‌ನಲ್ಲಿ ಈ ಪ್ರಾಂತ್ಯವೂ ಉಳಿದವರಂತೆ ರಾತ್ರಿ 2 ಗಂಟೆಯ ಪದ್ಧತಿಗೆ ಬಂತು.

ಗಂಟೆ ಮುಂದಕ್ಕೆ ಹೋಗುವಾಗ ಎದುರಾಗುವ ತೊಂದರೆ ಬೇರೆ ಬಗೆಯದು, ಅದನ್ನು ಅನುಭವಿಸಿದ್ದು ಬ್ರೆಜಿಲ್. 2019ರಲ್ಲಿ ಈ ಪದ್ಧತಿಯನ್ನೇ ಕೈಬಿಡುವವರೆಗೆ ಅಲ್ಲಿ ನಡುರಾತ್ರಿ ಸರಿಯಾಗಿ 12ಕ್ಕೆ ಗಡಿಯಾರ 1 ಗಂಟೆಗೆ ಜಿಗಿಯುತ್ತಿತ್ತು. 2018ರ ನವೆಂಬರ್ 4 ಎಂಬ ದಿನ ಅಲ್ಲಿ ಶುರುವಾದದ್ದೇ 1 ಗಂಟೆಗೆ, ಆ ದಿನಕ್ಕೆ ನಡುರಾತ್ರಿ ಎಂಬುದೇ ಇರಲಿಲ್ಲ. ಮನುಷ್ಯರಿಗೆ ಇದರಿಂದ ಹೆಚ್ಚೇನೂ ತೊಂದರೆಯಿಲ್ಲ. ಆದರೆ ಎಷ್ಟೋ ಕಂಪ್ಯೂಟರ್ ಪ್ರೋಗ್ರಾಂಗಳು ಒಂದು ತಾರೀಖನ್ನು ಗುರುತಿಟ್ಟುಕೊಳ್ಳುವುದು ಅದರ ಮೊದಲ ಕ್ಷಣದಿಂದ, ಅಂದರೆ ಸೊನ್ನೆ ಗಂಟೆ ಸೊನ್ನೆ ನಿಮಿಷದಿಂದ. ಆ ಕ್ಷಣವೇ ಇಲ್ಲದಿದ್ದರೆ ಕೆಲವು ಪ್ರೋಗ್ರಾಂಗಳು ದೋಷ ತೋರಿಸಿ ನಿಲ್ಲುತ್ತವೆ, ಕೆಲವು ಸದ್ದಿಲ್ಲದೆ ಹಿಂದಿನ ದಿನಕ್ಕೆ ಜಾರುತ್ತವೆ. ಅವುಗಳ ಕ್ಯಾಲೆಂಡರಿನಲ್ಲಿ ಒಂದು ತಾರೀಖು ಎರಡು ಸಲ ಕಾಣಿಸಿಕೊಂಡರೆ ಅಥವಾ ಒಂದು ದಿನ ಮಾಯವಾದರೆ ಕಾರಣ ಇದೇ.

ನಡುರಾತ್ರಿಯ ಈ ಅಪಾಯ ಈ ಪದ್ಧತಿಯನ್ನು ಮೊದಲು ದೇಶದಾದ್ಯಂತ ಜಾರಿಗೆ ತಂದ ಜರ್ಮನಿಗೂ ಗೊತ್ತಿತ್ತು. ಮೊದಲ ಮಹಾಯುದ್ಧದ ನಡುವೆ, ಕಲ್ಲಿದ್ದಲು ಉಳಿಸಲು, 1916ರ ಏಪ್ರಿಲ್ 30ರ ರಾತ್ರಿ 11 ಗಂಟೆಗೆ ಗಡಿಯಾರವನ್ನು ಹನ್ನೆರಡಕ್ಕೆ ತಿರುಗಿಸಿದರು. ಇದರಿಂದ ಮೇ 1 ತುಂಡಾಗದೆ ಪೂರ್ತಿ ದಿನವಾಗಿ ಸಿಕ್ಕಿತು. ಶರತ್ಕಾಲದಲ್ಲಿ ಹಿಂದಕ್ಕೆ ಬರುವಾಗ ಮಾತ್ರ ತೊಡಕು ಬಂತು. ನಡುರಾತ್ರಿ ಕಳೆದು ಒಂದು ಗಂಟೆಯಾದ ಮೇಲೆ ಗಡಿಯಾರವನ್ನು ಮತ್ತೆ ಹನ್ನೆರಡಕ್ಕೆ ಇಡಬೇಕಿತ್ತು. ಹಾಗಾದರೆ ಆ ಮೊದಲ ಒಂದು ಗಂಟೆ ಯಾವ ದಿನಕ್ಕೆ ಸೇರಿದ್ದು? ಸೆಪ್ಟೆಂಬರ್ 30ನೇ ತಾರೀಖು ನಡುರಾತ್ರಿಯ ನಂತರ ಒಂದು ಗಂಟೆಗೆ ಮುಗಿಯುತ್ತದೆ ಎಂದು ಆದೇಶದಲ್ಲೇ ಬರೆಯಬೇಕಾಯಿತು.

ಅದೇ ವರ್ಷ ಮೇ 21ರಂದು ಬ್ರಿಟನ್ ತನ್ನ ಗಡಿಯಾರ ಬದಲಿಸಿದ್ದು ರಾತ್ರಿ 2 ಗಂಟೆಗೆ. ಆ ಹೊತ್ತನ್ನು ಮೊದಲೇ ಸೂಚಿಸಿದ್ದವರು ಲಂಡನ್ನಿನ ಕಟ್ಟಡ ಗುತ್ತಿಗೆದಾರ ವಿಲಿಯಂ ವಿಲೆಟ್. ಏಪ್ರಿಲ್ ತಿಂಗಳ ನಾಲ್ಕು ಭಾನುವಾರ ರಾತ್ರಿ 2 ಗಂಟೆಗೆ ಇಪ್ಪತ್ತಿಪ್ಪತ್ತು ನಿಮಿಷದಂತೆ ಗಡಿಯಾರವನ್ನು ಮುಂದೂಡಬೇಕೆಂದು ಅವರು 1907ರ ಕಿರುಹೊತ್ತಗೆಯಲ್ಲಿ ವಾದಿಸಿದ್ದರು. ಕಾನೂನು ಬರುವ ಹಿಂದಿನ ವರ್ಷ ಅವರು ತೀರಿಕೊಂಡರು. 1918ರಲ್ಲಿ ಅಮೆರಿಕದ ಕಾನೂನೂ 2 ಗಂಟೆಯನ್ನೇ ಬರೆದುಕೊಂಡಿತು. ರೈಲುಗಳ ಓಡಾಟ ಅತಿ ಕಡಿಮೆ ಇರುತ್ತಿದ್ದ ಹೊತ್ತು ಅದು.

2 ಗಂಟೆಯ ಅನುಕೂಲ ಸರಳ. ಅಲ್ಲಿಂದ ಒಂದು ಗಂಟೆ ಹಿಂದೆ ಹೋದರೆ 1 ಗಂಟೆ, ಮುಂದೆ ಹೋದರೆ 3 ಗಂಟೆ. ಎತ್ತ ಹೋದರೂ ತಾರೀಖು ಅದೇ. ಜೊತೆಗೆ ನಡುರಾತ್ರಿಗೆ ನಡೆಯುವ ದಿನದ ಲೆಕ್ಕಾಚಾರಗಳು ಮುಗಿದಿರುತ್ತವೆ, ತಡರಾತ್ರಿಯವರು ಮನೆ ಸೇರಿರುತ್ತಾರೆ. ಇನ್ನೂ ತಡಮಾಡಿ 4 ಅಥವಾ 5 ಗಂಟೆಗೆ ಇಟ್ಟರೆ ಹಾಲು, ಪತ್ರಿಕೆ ಹಂಚುವವರು, ಮುಂಜಾನೆಯ ಪಾಳಿಗೆ ಹೊರಡುವವರು ಆಗಲೇ ಬೀದಿಗಿಳಿದಿರುತ್ತಾರೆ.

ಇಷ್ಟಾದರೂ ತೊಂದರೆ ಪೂರ್ತಿ ಇಲ್ಲವಾಗುವುದಿಲ್ಲ, ಕಡಿಮೆ ಜನ ಇರುವ ಕಡೆಗೆ ಸರಿಯುತ್ತದೆ ಅಷ್ಟೆ. ನವೆಂಬರ್‌ನ ಆ ರಾತ್ರಿ ಅಮೆರಿಕದಲ್ಲಿ ಒಂದೂವರೆ ಗಂಟೆ ಎರಡು ಸಲ ಬರುತ್ತದೆ. ಅವಳಿ ಮಕ್ಕಳಲ್ಲಿ ಹಿರಿಯದು 1.50ಕ್ಕೆ, ಕಿರಿಯದು ಇಪ್ಪತ್ತು ನಿಮಿಷದ ಮೇಲೆ ಹುಟ್ಟಿದರೆ ಕಿರಿಯದರ ಜನನ ಸಮಯ 1.10 ಎಂದು ದಾಖಲಾಗಿ, ಅದೇ ಹಿರಿಯದಾಗಿ ಕಾಣುತ್ತದೆ. ಎಂಟು ಗಂಟೆಯ ರಾತ್ರಿ ಪಾಳಿಯ ನರ್ಸ್ ಒಂಬತ್ತು ಗಂಟೆ ದುಡಿಯುತ್ತಾರೆ. ನಿಜವಾಗಿ ದುಡಿದಷ್ಟು ಹೊತ್ತಿಗೂ ಸಂಬಳ ಕೊಡಬೇಕೆಂಬುದು ಅಲ್ಲಿನ ನಿಯಮ. ಆ್ಯಮ್‌ಟ್ರಾಕ್‌ನ ರಾತ್ರಿ ರೈಲುಗಳು ಹೊತ್ತಿಗೆ ಸರಿಯಾಗಿ ಓಡುತ್ತಿದ್ದರೆ ಒಂದು ಗಂಟೆ ನಿಲ್ಲುತ್ತವೆ, ಇಲ್ಲದಿದ್ದರೆ ವೇಳಾಪಟ್ಟಿಗಿಂತ ಮೊದಲೇ ಮುಂದಿನ ಊರು ತಲುಪಿ, ಹತ್ತಬೇಕಾದವರನ್ನು ಬಿಟ್ಟು ಹೊರಟುಬಿಡುತ್ತವೆ. ಜರ್ಮನಿ ಈ ಗೊಂದಲಕ್ಕೆ ಕಾನೂನಿನಲ್ಲೇ ಪರಿಹಾರ ಬರೆದಿದೆ. ಅಲ್ಲಿ ಎರಡು ಸಲ ಬರುವುದು 2ರಿಂದ 3ರವರೆಗಿನ ಗಂಟೆ, ಮೊದಲ ಸಲದ್ದಕ್ಕೆ '2ಎ', ಎರಡನೆಯದಕ್ಕೆ '2ಬಿ' ಎಂದು ಹೆಸರು.

ಅಮೆರಿಕದಲ್ಲಿ ಪ್ರತಿ ಕಾಲವಲಯವೂ ತನ್ನ ತನ್ನ 2 ಗಂಟೆಗೆ ಬದಲಾಗುವುದರಿಂದ ಇನ್ನೊಂದು ವಿಚಿತ್ರ ನಡೆಯುತ್ತದೆ. ನ್ಯೂಯಾರ್ಕಿಗೂ ಷಿಕಾಗೋಗೂ ಇರುವ ಅಂತರ ಒಂದು ಗಂಟೆ. ಮಾರ್ಚ್‌ನ ಆ ರಾತ್ರಿ ಒಂದು ಗಂಟೆ ಕಾಲ ಅದು ಎರಡು ಗಂಟೆಯಾಗುತ್ತದೆ, ನವೆಂಬರ್‌ನಲ್ಲಿ ಒಂದು ಗಂಟೆ ಕಾಲ ಎರಡೂ ಊರುಗಳ ಗಡಿಯಾರ ಒಂದೇ ಸಮಯ ತೋರಿಸುತ್ತದೆ. ಗಡಿ ದಾಟುವ ರೈಲುಗಳು ಹೆಚ್ಚಿರುವ ಯುರೋಪ್ ಇದನ್ನು ತಪ್ಪಿಸಲು ಇಡೀ ಒಕ್ಕೂಟಕ್ಕೆ ಒಂದೇ ಕ್ಷಣ ಗೊತ್ತುಮಾಡಿಕೊಂಡಿದೆ. ಅದು ಗ್ರೀನಿಚ್ ಲೆಕ್ಕದ ರಾತ್ರಿ 1 ಗಂಟೆ. ಮಾರ್ಚ್‌ನಲ್ಲಿ ಆ ಕ್ಷಣ ಲಿಸ್ಬನ್‌ನಲ್ಲಿ 1, ಬರ್ಲಿನ್‌ನಲ್ಲಿ 2, ಅಥೆನ್ಸ್‌ನಲ್ಲಿ 3 ಗಂಟೆ. ಮೂರು ಊರುಗಳೂ ಒಟ್ಟಿಗೆ ಹೆಜ್ಜೆ ಹಾಕುವುದರಿಂದ ಅವುಗಳ ನಡುವಿನ ಅಂತರ ಒಂದು ಕ್ಷಣವೂ ಕೆಡುವುದಿಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತದ ಗಡಿಯಾರವನ್ನೂ ಒಂದು ಗಂಟೆ ಮುಂದಿಟ್ಟಿದ್ದರು. ಈಗ ನಮ್ಮಲ್ಲಿ ಆ ಪದ್ಧತಿಯಿಲ್ಲ. ಆದರೂ ವಿದೇಶದ ಜೊತೆ ಕೆಲಸ ಮಾಡುವವರನ್ನು ಇದು ಮುಟ್ಟದೆ ಬಿಡುವುದಿಲ್ಲ. 2026ರಲ್ಲಿ ಅಮೆರಿಕದ ಬದಲಾವಣೆ ಮಾರ್ಚ್ 8 ಮತ್ತು ನವೆಂಬರ್ 1ರಂದು, ಬ್ರಿಟನ್ ಮತ್ತು ಯುರೋಪಿನದು ಮಾರ್ಚ್ 29 ಮತ್ತು ಅಕ್ಟೋಬರ್ 25ರಂದು. ನ್ಯೂಯಾರ್ಕಿನ ಬೆಳಗಿನ 9 ಗಂಟೆಯ ಸಭೆ ಚಳಿಗಾಲದಲ್ಲಿ ಬೆಂಗಳೂರಿಗೆ ಸಂಜೆ ಏಳೂವರೆ, ಬೇಸಿಗೆ ಸಮಯದಲ್ಲಿ ಆರೂವರೆ. ಹಾಗಾಗಿ ಸಭೆ ಗೊತ್ತುಮಾಡುವಾಗ ಯಾವ ಊರಿನ ಸಮಯ ಎಂಬುದನ್ನು ಜೊತೆಗೇ ಬರೆಯಿರಿ. ರಾತ್ರಿ ತಾನಾಗಿ ನಡೆಯುವ ಕಂಪ್ಯೂಟರ್ ಕೆಲಸಗಳನ್ನು ಗಡಿಯಾರ ಬದಲಿಸುವ ದೇಶದ ಸಮಯದಲ್ಲಿ 1ರಿಂದ 3ರ ನಡುವೆ ಇಡಬೇಡಿ, ಗ್ರೀನಿಚ್ ಲೆಕ್ಕದ ಯುಟಿಸಿ ಸಮಯದಲ್ಲಿ ಇಡಿ. ಆ ಸಮಯವನ್ನು ಯಾವ ದೇಶವೂ ಹಿಂದೆ ಮುಂದೆ ಸರಿಸುವುದಿಲ್ಲ.