ಬದಲಿಸಿದ ಸೆಟ್ಟಿಂಗ್ ಮತ್ತೆ ಹಳೆಯದಾಗುವುದೇಕೆ?

ಕಚೇರಿಯ ಕಂಪ್ಯೂಟರುಗಳಲ್ಲಿ ಕೆಲವು ಸೆಟ್ಟಿಂಗ್‌ಗಳು ಎಷ್ಟು ಸಲ ಬದಲಿಸಿದರೂ ರೀಸ್ಟಾರ್ಟ್ ಆದ ಮೇಲೆ ಹಿಂದಿನಂತೆಯೇ ಆಗಿಬಿಡುತ್ತವೆ. ಹೆಚ್ಚಿನ ಸಲ ಇದು ವಿಂಡೋಸ್‌ನ ದೋಷವಲ್ಲ, ಗ್ರೂಪ್ ಪಾಲಿಸಿಯ ಕೆಲಸ. ಒಂದು ಸಂಸ್ಥೆಯ ಎಲ್ಲ ಕಂಪ್ಯೂಟರುಗಳನ್ನು ಒಂದೇ ಕಡೆಯಿಂದ ಹಿಡಿತದಲ್ಲಿಡಲು ಮೈಕ್ರೋಸಾಫ್ಟ್ ಇದನ್ನು ವಿಂಡೋಸ್ 2000ದೊಂದಿಗೆ ತಂದಿತು.

ಯಂತ್ರಕ್ಕೆ ಸಂಬಂಧಿಸಿದ ನಿಯಮಗಳು ಕಂಪ್ಯೂಟರ್ ಶುರುವಾಗುವಾಗ, ಬಳಕೆದಾರರಿಗೆ ಸಂಬಂಧಿಸಿದವು ಲಾಗಿನ್ ಆಗುವಾಗ ಸರ್ವರಿನಿಂದ ಬಂದು ಜಾರಿಯಾಗುತ್ತವೆ. ಆಮೇಲೂ ಸುಮಾರು 90ರಿಂದ 120 ನಿಮಿಷಕ್ಕೊಮ್ಮೆ ಹಿನ್ನೆಲೆಯಲ್ಲಿ ಪರಿಶೀಲನೆ ನಡೆಯುತ್ತದೆ. ಮೊದಲು ಆ ಕಂಪ್ಯೂಟರಿನದೇ ನಿಯಮ, ಬಳಿಕ ಸೈಟ್, ಡೊಮೇನ್, ಕೊನೆಗೆ ಇಲಾಖೆಯ ಘಟಕದ ನಿಯಮ ಎಂಬುದು ಕ್ರಮ. ಎರಡರ ನಡುವೆ ತಿಕ್ಕಾಟ ಬಂದರೆ ಸಾಮಾನ್ಯವಾಗಿ ಕೊನೆಗೆ ಬಂದದ್ದೇ ನಿಲ್ಲುತ್ತದೆ.

ಇಲ್ಲಿ ಗಮನಿಸಬೇಕಾದ ವ್ಯತ್ಯಾಸವೊಂದಿದೆ. ನಿಜವಾದ ಪಾಲಿಸಿ ರಿಜಿಸ್ಟ್ರಿಯಲ್ಲಿ `Software\Policies` ಎಂಬ ಪ್ರತ್ಯೇಕ ಜಾಗದಲ್ಲಿರುತ್ತದೆ. ಸಾಮಾನ್ಯ ಬಳಕೆದಾರರು ಅಲ್ಲಿ ಬರೆಯಲಾರರು. ಅಂಥ ಸೆಟ್ಟಿಂಗ್ ಪರದೆಯ ಮೇಲೆ ಬಹುಮಟ್ಟಿಗೆ ಮಸುಕಾಗಿ ಕಾಣುತ್ತದೆ, ಬದಲಿಸಲು ಬಿಡುವುದೇ ಇಲ್ಲ. ಗೊಂದಲ ಹುಟ್ಟಿಸುವುದು ‘ಪ್ರಿಫರೆನ್ಸ್’ ಎಂಬ ಇನ್ನೊಂದು ಬಗೆ. ಅದು ಬಳಕೆದಾರರ ಸ್ವಂತ ಆಯ್ಕೆ ಇರುವ ಜಾಗದಲ್ಲೇ ತನ್ನದನ್ನು ಬರೆಯುತ್ತದೆ. ಹಾಗಾಗಿ ಬದಲಾವಣೆಗೆ ಅಡ್ಡಿಯಿಲ್ಲ, ಆದರೆ ಮುಂದಿನ ಸರದಿಯಲ್ಲಿ ಅದು ಅಳಿಸಿಹೋಗುತ್ತದೆ. ಸದ್ದಿಲ್ಲದೆ ಹಿಂದಕ್ಕೆ ಹೋಗುವ ಸೆಟ್ಟಿಂಗ್ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಲೆಕ್ಕಪತ್ರ ವಿಭಾಗದ ಒಬ್ಬರ ಉದಾಹರಣೆ ತೆಗೆದುಕೊಳ್ಳೋಣ. ದೊಡ್ಡ ವರದಿ ತಯಾರಾಗುವಾಗ ಕಂಪ್ಯೂಟರ್ ನಿದ್ರೆಗೆ ಜಾರದಿರಲೆಂದು ಅವರು ಪವರ್ ಆಯ್ಕೆಯಲ್ಲಿ ‘ಎಂದಿಗೂ ಬೇಡ’ ಎಂದು ಇಟ್ಟರು. ಮರುದಿನ ಬೆಳಿಗ್ಗೆ ಅದು ಮತ್ತೆ 15 ನಿಮಿಷಕ್ಕೆ ಬಂದಿತ್ತು. ಕಾರಣ ತಿಳಿಯಲು ಸೆಟ್ಟಿಂಗನ್ನು ಮತ್ತೊಮ್ಮೆ ಬದಲಿಸಿ, ರೀಸ್ಟಾರ್ಟ್ ಮಾಡದೆಯೇ ಕಮಾಂಡ್ ಪ್ರಾಂಪ್ಟಿನಲ್ಲಿ ಹೀಗೆ ಟೈಪ್ ಮಾಡಬೇಕು:

```
gpupdate /force
gpresult /h gp.html
```

ಮೊದಲ ಸಾಲು ನಿಯಮಗಳನ್ನು ಆಗಲೇ ಜಾರಿಗೆ ತರುತ್ತದೆ. ಅದು ಮುಗಿಯುತ್ತಲೇ 15 ನಿಮಿಷ ಮರಳಿದರೆ ಮೂಲ ಸಿಕ್ಕಂತೆ. ಮರಳದೆ ಲಾಗಿನ್ ಆದಾಗ ಮಾತ್ರ ಮರಳಿದರೆ ಲಾಗಿನ್ ಸ್ಕ್ರಿಪ್ಟನ್ನು ಹುಡುಕಬೇಕು. ಎರಡನೆಯ ಸಾಲು ವರದಿಯೊಂದನ್ನು ಬರೆದಿಡುತ್ತದೆ. ಅದರಲ್ಲಿ ಪವರ್ ಆಯ್ಕೆಯ ಪಕ್ಕದ `Winning GPO` ಎಂಬಲ್ಲಿ ಗೆದ್ದ ನಿಯಮದ ಹೆಸರಿರುತ್ತದೆ. ಅಡ್ಮಿನ್ ಅಧಿಕಾರವಿಲ್ಲದವರಿಗೆ ಬಳಕೆದಾರರ ಭಾಗ ಮಾತ್ರ ಕಾಣುತ್ತದೆ, ಯಂತ್ರದ ಭಾಗಕ್ಕೆ ಅಡ್ಮಿನ್ ನೆರವು ಬೇಕು.

ರಿಜಿಸ್ಟ್ರಿಯನ್ನು ಕೈಯಾರೆ ತಿದ್ದುವುದರಿಂದ ಪ್ರಯೋಜನವಿಲ್ಲ, ಸರ್ವರಿನಲ್ಲಿರುವ ಮೂಲ ಹಾಗೆಯೇ ಉಳಿಯುತ್ತದೆ. ಪರಿಹಾರ ಅಡ್ಮಿನ್ ಕೈಯಲ್ಲಿದೆ: ಆ ಪ್ರಿಫರೆನ್ಸಿಗೆ `Apply once and do not reapply` ಎಂಬ ಗುರುತು ಹಾಕಬಹುದು, ಇಲ್ಲವೇ ಆ ಕಂಪ್ಯೂಟರನ್ನು ನಿಯಮದಿಂದ ಹೊರಗಿಡಬಹುದು. ಅವರ ಬಳಿ ಹೋಗುವಾಗ ವರದಿಯಲ್ಲಿ ಕಂಡ ನಿಯಮದ ಹೆಸರನ್ನು ಬರೆದುಕೊಂಡು ಹೋಗಿ.