ಕೆರೆಯಂಚಿನ ಅಗ್ಗದ ಜಾಗ: ಮೂರು ಸರಪಳಿಯ ಲೆಕ್ಕ



ಸಿದ್ದಾಪುರ, ಕಾರಟಗಿ, ಗಂಗಾವತಿಯ ಸುತ್ತ ಈಗ ಮನೆ ಜಾಗಕ್ಕೆ ಬಂದಿರುವ ಬೆಲೆ ನಿಮಗೆ ಹೇಳಿಕೊಡಬೇಕಾಗಿಲ್ಲ. ಇಂಥ ಕಾಲದಲ್ಲಿ ಊರಿಗೆ ಹತ್ತಿರದಲ್ಲೇ, ರಸ್ತೆಯ ಬದಿಗೇ, ಅರ್ಧ ಬೆಲೆಗೆ ಒಂದು ಜಾಗ ಸಿಗುತ್ತದೆಂದರೆ ಯಾರ ಮನಸ್ಸೂ ಅತ್ತ ಎಳೆಯುವುದು ಸಹಜ. ಆ ಜಾಗ ಕೆರೆಯ ಮಗ್ಗುಲಲ್ಲಿದ್ದರೆ ಬೆಲೆ ಏಕೆ ಅರ್ಧವಾಯಿತೆಂಬುದನ್ನು ಒಂದು ಮನೆತನದ ಕಥೆಯಾಗಿ ಹೇಳುತ್ತೇನೆ. ಮನೆತನವನ್ನು ತಿಳಿವಳಿಕೆಗಾಗಿ ಕಟ್ಟಿಕೊಂಡಿದ್ದೇನೆ. ಅಳತೆ, ಕಾಯಿದೆ, ಕಾಗದಪತ್ರ ಮಾತ್ರ ಇದ್ದಂತೆಯೇ ಇವೆ.

ಯಜಮಾನರಿಗೆ ಇಬ್ಬರು ಗಂಡು ಮಕ್ಕಳು. ಹಿರಿಯವನು ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ ಐದಾರು ವರ್ಷವಾಗಿತ್ತು. ಕಿರಿಯವನ ಮದುವೆ ಗೊತ್ತಾದಾಗ ಹಳೆಯ ಮನೆ ಸಾಲದೆನಿಸಿತು. ಎರಡು ಬೆಳೆ ಭತ್ತದ ದುಡ್ಡು, ಹಿರಿಯ ಮಗ ಕಳಿಸಿದ್ದು, ಸೊಸೆಯ ಸ್ವಸಹಾಯ ಸಂಘದ ಸಾಲ, ಎಲ್ಲ ಕೂಡಿಸಿ 30 ಅಡಿಗೆ 40 ಅಡಿಯ ಒಂದು ಜಾಗ ಹುಡುಕಲು ಹೊರಟರು. ಊರ ಒಳಗೆ 3 ಲಕ್ಷ ಹೇಳಿದರು. ಕೆರೆಯ ಕಡೆಗೆ 1 ಲಕ್ಷ 40 ಸಾವಿರಕ್ಕೆ ಮುಗಿಯಿತು.

ನೋಡಲು ಹೋದದ್ದು ಏಪ್ರಿಲ್ ತಿಂಗಳಲ್ಲಿ. ನೂರು ಎಕರೆಗೂ ಮಿಗಿಲಾದ ಆ ಕೆರೆಯಲ್ಲಿ ಆಗ ನೀರು ನಡುಮಧ್ಯದ ತಗ್ಗಿಗೆ ಇಳಿದಿತ್ತು. ಅಂಗಳವೆಲ್ಲ ಬಿರುಕು ಬಿಟ್ಟು, ದನ ಮೇಯುತ್ತಿದ್ದವು. ದಲ್ಲಾಳಿ ಕೈ ಚಾಚಿ, “ನೋಡ್ರಿ ಕಾಕಾ, ನೀರು ಅಲ್ಲೆಲ್ಲೋ ಎರಡು ಫರ್ಲಾಂಗಿನ್ಯಾಗ ಐತಿ. ನಿಮ್ಮ ಮನೀಗೇನು ಬರ್ತೈತಿ?” ಎಂದ. ಅವನು ಹೇಳಿದ್ದು ಆ ದಿನದ ಮಟ್ಟಿಗೆ ಸುಳ್ಳಲ್ಲ. ಜಾಗ ಮಾರುವವರ ಪಟ್ಟಾ ಹೊಲದಲ್ಲೇ ಇತ್ತು, ಪಹಣಿಯಲ್ಲಿ ಅವರ ಹೆಸರೇ ಇತ್ತು. ಉಪನೋಂದಣಿ ಕಚೇರಿಯಲ್ಲಿ ಕ್ರಯಪತ್ರವೂ ಆಯಿತು.

ಅಡಿಪಾಯ ತೆಗೆಯುವ ಮೊದಲು ಪರವಾನಗಿಗೆಂದು ಗ್ರಾಮ ಪಂಚಾಯಿತಿಗೆ ಅರ್ಜಿ ಕೊಟ್ಟಾಗ ಕೆಲಸ ನಿಂತಿತು. ಅಭಿವೃದ್ಧಿ ಅಧಿಕಾರಿ ಗ್ರಾಮ ನಕಾಶೆ ಬಿಡಿಸಿ ನೋಡಿ, “ಯಜಮಾನ್ರ, ಇದು ಕೆರಿಗೆ ಹತ್ಯೈತಿ. ಮೊದಲು ಹದ್ದುಬಸ್ತು ಮಾಡಿಸ್ಕೊಂಡ ಬರ್ರಿ” ಎಂದರು. ಯಜಮಾನರಿಗೆ ಸಿಟ್ಟು ಬಂತು. “ನಾ ಕೆರಿ ಒತ್ತೀನೇನ್ರಿ? ನನ್ನ ಕಾಗದ ನೋಡ್ರಿ!” ಎಂದರು.

ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳನ್ನು ಬಿಡಿಸಿ ತಿಳಿಯಬೇಕು. ಕೆರೆಯ ಸರ್ವೆ ನಂಬರಿನೊಳಗೆ ಮನೆ ಕಟ್ಟಿದರೆ ಅದು ಒತ್ತುವರಿ. ಆ ನೆಲ ಸರ್ಕಾರದ್ದು, ಅದನ್ನು ಮಾರಲು ಯಾರಿಗೂ ಹಕ್ಕಿಲ್ಲ, ಎಷ್ಟು ಕ್ರಯಪತ್ರವಿದ್ದರೂ ನಿಲ್ಲುವುದಿಲ್ಲ. ಯಜಮಾನರದು ಒತ್ತುವರಿಯಲ್ಲ. ಅವರ ನೆಲ ಅವರದೇ. ಆದರೆ ಕೆರೆಯ ಗಡಿಯ ಹೊರಗೂ ಒಂದು ಪಟ್ಟಿಯಷ್ಟು ನೆಲದಲ್ಲಿ ಕಟ್ಟಡ ಕೂಡದೆಂದು ಕಾಯಿದೆ ಹೇಳುತ್ತದೆ. ಇದಕ್ಕೆ ಮೀಸಲು ವಲಯವೆಂದೂ ಬಫರ್ ವಲಯವೆಂದೂ ಹೆಸರು. ಈ ಪಟ್ಟಿಯಲ್ಲಿ ಮಾಲೀಕತ್ವ ಹೋಗುವುದಿಲ್ಲ, ಕಟ್ಟುವ ಹಕ್ಕು ಮಾತ್ರ ಹೋಗುತ್ತದೆ. ನೋಂದಣಿ ಕಚೇರಿಯವರು ಕ್ರಯವನ್ನು ನೋಂದಾಯಿಸುತ್ತಾರೆಯೇ ಹೊರತು ಆ ಜಾಗದಲ್ಲಿ ಮನೆ ಏಳಬಹುದೋ ಇಲ್ಲವೋ ಎಂದು ಅಳೆದು ನೋಡುವುದಿಲ್ಲ. ಮುದ್ರೆ ಬಿದ್ದಿತು, ಇನ್ನು ಚಿಂತೆಯಿಲ್ಲ ಎಂದು ನಂಬಿ ಕೆಟ್ಟವರು ಬಹಳ.

ಕೆರೆಗಳಿಗಾಗಿ ನಮ್ಮ ರಾಜ್ಯದಲ್ಲಿ 2014ರಲ್ಲಿ ಒಂದು ಅಧಿನಿಯಮ ಬಂದಿತು. ಅದರ ಅರ್ಥದಲ್ಲಿ ಕೆರೆಯೆಂದರೆ ನೀರು ನಿಂತ ಜಾಗವಷ್ಟೇ ಅಲ್ಲ. ನೀರಿರಲಿ ಇಲ್ಲದಿರಲಿ, ಕಂದಾಯ ದಾಖಲೆಯಲ್ಲಿ ಸರ್ಕಾರಿ ಕೆರೆ, ಖರಾಬು ಕೆರೆ, ಕುಂಟೆ, ಕಟ್ಟೆ ಎಂದು ಬರೆದದ್ದೆಲ್ಲ ಕೆರೆಯೇ. ಏರಿ, ತೂಬು, ಕೋಡಿ, ನೀರು ತರುವ ರಾಜಕಾಲುವೆ, ಹೊರಹೋಗುವ ಕಾಲುವೆ, ಇವೂ ಅದರೊಳಗೆ ಸೇರಿದವು. ಆದುದರಿಂದ ಕೆರೆಯಿಂದ ದೂರವಿದೆ ಎಂದುಕೊಂಡ ಜಾಗ ಕಾಲುವೆಯ ಬದಿಯಲ್ಲಿ ಸಿಕ್ಕಿಬೀಳುವುದುಂಟು. ಈ ಕಾಯಿದೆಯಲ್ಲಿ ಕೆರೆ ದೊಡ್ಡದಿರಲಿ ಚಿಕ್ಕದಿರಲಿ ಗಡಿಯಿಂದ 30 ಮೀಟರೆಂಬ ಒಂದೇ ಅಳತೆಯಿತ್ತು. 2025ರ ಆಗಸ್ಟಿನಲ್ಲಿ ವಿಧಾನಮಂಡಲ ಒಪ್ಪಿದ ತಿದ್ದುಪಡಿ ಮಸೂದೆ ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಅಳತೆಯನ್ನು ಇಳಿಸುತ್ತ ಹೋಗಿತ್ತು: 25ರಿಂದ 100 ಎಕರೆಯ ಕೆರೆಗೆ 24 ಮೀಟರು, 10ರಿಂದ 25 ಎಕರೆಗೆ 12, ಒಂದರಿಂದ 10 ಎಕರೆಗೆ 6. ನೂರು ಎಕರೆ ಮೀರಿದ ಕೆರೆಗೆ ಅದರಲ್ಲೂ 30 ಮೀಟರೇ. ಯಜಮಾನರ ಕೆರೆ ಈ ಕೊನೆಯ ಜಾತಿಯದು, ಆದುದರಿಂದ ಯಾವ ಲೆಕ್ಕ ಹಿಡಿದರೂ 30 ತಪ್ಪಲಿಲ್ಲ. ನಿಮ್ಮ ಕೆರೆ ಚಿಕ್ಕದಾಗಿದ್ದರೆ, ನೀವು ಹೋದ ದಿನ ಯಾವ ಅಳತೆ ನಡೆಯುತ್ತಿದೆಯೆಂದು ತಹಶೀಲ್ದಾರರ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ.

ಹಿರಿಯ ಮಗ ಫೋನಿನಲ್ಲಿ ಇನ್ನೊಂದು ಗಾಬರಿ ಹುಟ್ಟಿಸಿದ. “ಅಪ್ಪಾ, ಇಲ್ಲಿ ಬೆಂಗಳೂರಾಗ 75 ಮೀಟರ್ ಅಂತಿದ್ರು. ಅಷ್ಟಾದ್ರ ನಮ್ಮ ಜಾಗ ಪೂರಾ ಹೋತು” ಎಂದ. ಅವನು ಕೇಳಿದ್ದು ಹಳೆಯ ಸುದ್ದಿ. ಬೆಂಗಳೂರಿನ 2015ರ ಪರಿಷ್ಕೃತ ಮಹಾಯೋಜನೆಯಲ್ಲಿ ಕೆರೆಗೆ 30 ಮೀಟರೆಂದಿತ್ತು. ಬೆಳ್ಳಂದೂರು, ಅಗರ ಕೆರೆಗಳ ನಡುವಿನ ದೊಡ್ಡ ಕಟ್ಟಡಗಳ ದಾವೆಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ 4ರಂದು ಅದನ್ನು 75ಕ್ಕೆ ಏರಿಸಿತು. ಕಾನೂನಿನಂತೆ ಸಿದ್ಧವಾದ ಮಹಾಯೋಜನೆಯ ಅಳತೆಯನ್ನು ಬದಲಾಯಿಸುವ ಅಧಿಕಾರ ಮಂಡಳಿಗಿಲ್ಲವೆಂದು ಸುಪ್ರೀಂ ಕೋರ್ಟು 2019ರ ಮಾರ್ಚ್ 5ರಂದು ಆ ಭಾಗವನ್ನು ರದ್ದು ಮಾಡಿತು. ಮೂರು ವರ್ಷ 75 ಎಂದು ಹೆದರಿ ಜಾಗ ಮಾರಿಕೊಂಡವರೂ ಆ ಊರಲ್ಲಿ ಇದ್ದಾರು. ಕಟ್ಟೆಯ ಮೇಲೆ ಕೇಳಿದ ಅಂಕಿಯನ್ನು ನಂಬಿ ಕೊಳ್ಳುವುದೂ ಬೇಡ, ಮಾರುವುದೂ ಬೇಡ.

ಇನ್ನು ಅಳತೆಯ ದಿನಕ್ಕೆ ಬರೋಣ. ಭೂಮಾಪಕರು ಬಂದು ನೀರಿನ ಕಡೆಗೆ ತಿರುಗಿಯೂ ನೋಡಲಿಲ್ಲ. ನಕಾಶೆ, ಟಿಪ್ಪಣಿ ಹಿಡಿದು ಕೆರೆಯ ಸರ್ವೆ ನಂಬರಿನ ಗಡಿಕಲ್ಲು ಹುಡುಕಿದರು. ಜಾಲಿಗಿಡದ ಬುಡದಲ್ಲಿ ಒಂದು ಸಿಕ್ಕಿತು, ಇನ್ನೊಂದನ್ನು ಅಳತೆಯಿಂದ ಗೊತ್ತುಮಾಡಿದರು. ಇದೇ ಇಡೀ ಕಥೆಯ ಮರ್ಮ. 30 ಮೀಟರು ಎಣಿಸುವುದು ನೀರಿನ ಅಂಚಿನಿಂದಲ್ಲ, ಕೆರೆಯ ಗಡಿಯಿಂದ. ನೀರು ಬೇಸಿಗೆಗೆ ಒಳಗೆ ಸರಿಯುತ್ತದೆ, ಕಲ್ಲು ಸರಿಯುವುದಿಲ್ಲ. ದಲ್ಲಾಳಿ ತೋರಿಸಿದ ಎರಡು ಫರ್ಲಾಂಗಿನಲ್ಲಿ ಬಹುಪಾಲು ಕೆರೆಯ ಹೊಟ್ಟೆಯೇ ಆಗಿತ್ತು.

30 ಮೀಟರೆಂದರೆ 98 ಅಡಿ 5 ಅಂಗುಲ. ನಮ್ಮ ಹಳೆಯ ಸರ್ವೆ ಸರಪಳಿ 33 ಅಡಿಯದು, ಅದರಲ್ಲಿ ಮೂರು ಸರಪಳಿಗೆ 99 ಅಡಿ. ಆದುದರಿಂದ ಗಡಿಕಲ್ಲಿನಿಂದ ಮೂರು ಸರಪಳಿ ಎಂದು ನೆನಪಿಟ್ಟರೆ ಸಾಕು. ಯಜಮಾನರ ಜಾಗದ ಕೆರೆ ಕಡೆಯ ಅಂಚು ಗಡಿಯಿಂದ 70 ಅಡಿಗೆ ಬಿತ್ತು. ಜಾಗದ ಉದ್ದ 40 ಅಡಿ, ಆಚೆಯ ಅಂಚು 110ಕ್ಕೆ. ಇದರಲ್ಲಿ 98 ಅಡಿ 5 ಅಂಗುಲದವರೆಗೆ ಕಟ್ಟುವಂತಿಲ್ಲ. ಉಳಿದದ್ದು ರಸ್ತೆಯ ಕಡೆಗೆ ಹನ್ನೊಂದೂವರೆ ಅಡಿಯ ಒಂದು ಪಟ್ಟಿ. 30 ಅಡಿ ಅಗಲ ಹಿಡಿದರೆ 345 ಚದರಡಿ. ಕೊಂಡದ್ದು 1,200. ಮುಂದೆ ರಸ್ತೆಗೆ ಮೂರಡಿ ಬಿಟ್ಟು, ಎರಡು ಗೋಡೆಯ ದಪ್ಪ ಕಳೆದರೆ ಒಳಗೆ ಏಳಡಿಯೂ ನಿಲ್ಲದು. ಭೂಮಾಪಕರು ಲೆಕ್ಕ ಹೇಳಿ ಮುಗಿಸಿದಾಗ ಅತ್ತೆ, “ಏಳಡಿಯಾಗ ಒಲಿ ಇಡ್ಲೋ, ಹಾಸಿಗಿ ಹಾಸ್ಲೋ?” ಎಂದರು. ಯಾರೂ ಉತ್ತರ ಕೊಡಲಿಲ್ಲ.

ಇಷ್ಟು ಜಾಗ ಬಿಡಿಸುವುದೇಕೆಂದು ಕೇಳುವವರಿದ್ದಾರೆ. ಆ ಕೆರೆಯ ಕೋಡಿ ಹರಿದ ವರ್ಷ ಹೋಗಿ ನೋಡಬೇಕು. ತುಂಬಿದ ಕೆರೆಯ ಒತ್ತಿಗೆ ಸುತ್ತಲಿನ ನೆಲದೊಳಗೂ ನೀರು ಏರುತ್ತದೆ. ನಮ್ಮ ಎಡದಂಡೆ ಕಾಲುವೆಯ ಬಯಲಿನಲ್ಲಿ ಗದ್ದೆಯ ಬಸಿನೀರೂ ಅದಕ್ಕೆ ಕೂಡುತ್ತದೆ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ, ಅದರ ಮೇಲಿನ ಗೋಡೆ ಮೂಲೆಯಿಂದ ಮೂಲೆಗೆ ಸೀಳುತ್ತದೆ. ಶೌಚದ ಗುಂಡಿಯಲ್ಲಿ ತಳದಿಂದಲೇ ನೀರು ಮೇಲೆ ಬಂದರೆ ಇಂಗುವ ಮಾತೆಲ್ಲಿ? ಗುಂಡಿಯ ಕೊಳೆ ಕೆರೆಗೆ, ಕೆರೆಯ ನೀರು ದನಕ್ಕೆ. ಏಪ್ರಿಲಿನಲ್ಲಿ ಜಾಗ ನೋಡುವವರಿಗೆ ಇದಾವುದೂ ಕಾಣದು. ಆದರೂ ಗುರುತುಗಳಿರುತ್ತವೆ: ಜೊಂಡು ಬೆಳೆದ ತಗ್ಗು, ನೆಲದ ಮೇಲೆ ಬಿಳಿ ಉಪ್ಪಿನ ಪದರ, ಅಕ್ಕಪಕ್ಕದ ಹಳೆಯ ಗೋಡೆಯ ಬುಡದಲ್ಲಿ ಮೊಳಕಾಲೆತ್ತರದ ತೇವದ ಗೆರೆ.

ಜಾಗ ಕೊಳ್ಳುವ ಮುನ್ನ ಯಜಮಾನರು ಏನು ಮಾಡಬಹುದಿತ್ತು? ಸರ್ವೆ ಇಲಾಖೆಯ ದಿಶಾಂಕ್ ಎಂಬ ಆ್ಯಪನ್ನು ಕಿರಿಯ ಮಗನ ಫೋನಿನಲ್ಲಿ ತೆರೆದು ಜಾಗದಲ್ಲಿ ನಿಂತಿದ್ದರೆ ಸರ್ವೆ ನಂಬರು, ಪಕ್ಕದ ಕೆರೆ ಎರಡೂ ತೋರುತ್ತಿದ್ದವು. ಅದು ಸುಳಿವಷ್ಟೇ, ಕೆಲವು ಅಡಿ ಹೆಚ್ಚುಕಡಿಮೆ ತೋರುವುದುಂಟು, ಅದನ್ನೇ ಅಳತೆಯೆನ್ನಬಾರದು. ಸುಳಿವು ಸಿಕ್ಕ ಮೇಲೆ ಗ್ರಾಮ ನಕಾಶೆ ತೆಗೆಸಿ, ಪಹಣಿಯಲ್ಲಿ ‘ಬ’ ಖರಾಬು ಇದೆಯೇ ಎಂದು ನೋಡಬೇಕು. ‘ಬ’ ಖರಾಬೆಂದರೆ ಹಳ್ಳ, ಕಾಲುವೆ, ದಾರಿಯಂಥ ಸಾರ್ವಜನಿಕ ನೆಲ ಆ ನಂಬರಿನಲ್ಲಿ ಸೇರಿದೆಯೆಂದು ಅರ್ಥ. ಕೊನೆಗೆ ಮಾರುವವರಿಂದಲೇ ಹದ್ದುಬಸ್ತಿಗೆ ಅರ್ಜಿ ಹಾಕಿಸಬೇಕು. ಅವರು “ಅದೆಲ್ಲ ಯಾಕ್ರಿ” ಎಂದರೆ ಮುಂಗಡ ಕೊಡಬಾರದು. ಹೊಲವನ್ನು ಬಿನ್‌ಶೇತ್ಕಿ ಮಾಡಿಸಿದ ಆದೇಶ ಕೇಳುವುದನ್ನೂ ಮರೆಯಬಾರದು. ಇವರು ಕೊಂಡ ಹೊಲಕ್ಕೆ ಅದೂ ಆಗಿರಲಿಲ್ಲ. ಪಂಚಾಯಿತಿ ಕೊಡುವ ನಮೂನೆ 11-ಬ ತೋರಿಸಿ ಎಲ್ಲ ಸರಿಯಿದೆ ಎನ್ನುವವರಿದ್ದಾರೆ. ಅದು ಆಸ್ತಿಯ ದಾಖಲೆ, ಮನೆ ಕಟ್ಟಲು ಪರವಾನಗಿಯಲ್ಲ.

ಮಾರಿದವರ ಹತ್ತಿರ ಹೋದಾಗ, “ನಾನು ಹೊಲ ಮಾರೀನಿ, ಮನಿ ಮಾರಿಲ್ಲ” ಎಂದರು. ವಕೀಲರು ದಾವೆ ಹೂಡಬಹುದು ಎಂದರು, ವರ್ಷಗಳಾಗುತ್ತವೆ ಎಂದೂ ಹೇಳಿದರು. ಊರ ಹಿರಿಯರು ಕೂಡಿ ಮಾತಾಡಿದ ಮೇಲೆ 40 ಸಾವಿರ ತಿರುಗಿ ಬಂತು, ಉಳಿದ ಲಕ್ಷ ಮಣ್ಣಿನಲ್ಲಿ ಉಳಿಯಿತು. ಆ ಜಾಗದಲ್ಲಿ ಈಗ ಎರಡು ಎಮ್ಮೆಗೆ ಸಾಲುವಷ್ಟು ನೇಪಿಯರ್ ಹುಲ್ಲು ಬೆಳೆದಿದೆ. ತೇವದ ನೆಲ, ಹುಲ್ಲು ಚೆನ್ನಾಗಿ ಏಳುತ್ತದೆ. ಕಿರಿಯ ಮಗನ ಸಂಸಾರಕ್ಕೆ ಹಳೆಯ ಮನೆಯ ಹಿತ್ತಲಲ್ಲಿದ್ದ ಕೊಟ್ಟಿಗೆಯನ್ನೇ ಕೆಡವಿ ಎರಡು ಕೋಣೆ ಹಾಕಿಕೊಂಡರು. ಸಂಘದ ಸಾಲದ ಕಂತು ಇನ್ನೂ ಹದಿನಾಲ್ಕು ತಿಂಗಳಿದೆ.